ಏರಿನಲ್ಲಿ ಕ್ಲಚ್ ಹಿಡಿದದ್ದು: ನನ್ನ ಅನುಭವ

"ಏರಲ್ಲಿ ಹ್ಯಾಂಡ್ ಬ್ರೇಕ್ ಹಾಕ್ಕೊಂಡು ಹೊರಡೋದು ಕಲಿಯೋರ ಚಾಳಿ, ಬಿಟ್ಬಿಡಿ" ಅಂತ ನಮ್ಮ ಭಾವ ಹೇಳುತ್ತಲೇ ಇದ್ದರು. ನಾನು ಬಿಡಲಿಲ್ಲ. ಈಗ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನಲ್ಲಿ, ಹಿಂದೆ ಇನ್ನೊಂದು ಕಾರು ಅಂಟಿಕೊಂಡು ನಿಂತಿದ್ದರೂ ನನ್ನ ಗಾಡಿ ಒಂದಿಂಚೂ ಜಾರುವುದಿಲ್ಲ.

ನಲವತ್ತು ದಾಟಿದ ಮೇಲೆ ಕಲಿತವನು ನಾನು. ಡ್ರೈವಿಂಗ್ ಸ್ಕೂಲಿಗೆ ಆರೇಳು ಸಾವಿರ ಕೊಟ್ಟೆ. ಲೈಸೆನ್ಸ್ ಬಂತು, ಕ್ಲಚ್ ಬರಲಿಲ್ಲ. ಅವರ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಕ್ಲಚ್, ಬ್ರೇಕ್ ಇರುತ್ತದಲ್ವಾ? ಏರು ಬಂದಾಗಲೆಲ್ಲ ಅವರು ಒತ್ತುತ್ತಿದ್ದರು, ನಾನು ಖುಷಿಪಡುತ್ತಿದ್ದೆ. ಆಮೇಲೆ 800 ಸಿಸಿಯ ಹಳೇ ಪೆಟ್ರೋಲ್ ಗಾಡಿ ತಗೊಂಡು, ಭಾವ ಹೇಳಿದ ಹಾಗೆ ಬ್ರೇಕಿನಿಂದ ಸರಕ್ಕನೆ ಕಾಲೆತ್ತಿ ಆಕ್ಸಿಲರೇಟರ್ ಒತ್ತಿ ನೋಡಿದೆ. ಒಂದೋ ಗಾಡಿ ಆಫ್, ಇಲ್ಲವೋ ಹಾಫ್ ಕ್ಲಚ್‌ನಲ್ಲಿ ಜೋರು ರೇಸ್, ಸುಟ್ಟ ವಾಸನೆ. ಕೊನೆಗೆ ರೇಸ್ ಏರುತ್ತಿತ್ತು, ಸ್ಪೀಡ್ ಏರುತ್ತಿರಲಿಲ್ಲ. ಕ್ಲಚ್ ಸೆಟ್ಟು, ಕೂಲಿ ಸೇರಿ ಸುಮಾರು ಆರು ಸಾವಿರ. ಸ್ಕೂಲ್ ಫೀಸಿನಷ್ಟೇ!

ಹೊಸ ಪ್ಲೇಟ್ ಬಿದ್ದ ಮೇಲೆ ನನ್ನ ದಾರಿ ಹಿಡಿದೆ. ಮೊದಲು ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ ಬಿಡುತ್ತಾ ಗಾಡಿ ಹೊರಡಿಸುವುದು. ಬೇಜಾರು ಬರುವವರೆಗೂ ಇದೇ. ರ‍್ಯಾಂಪಿಗೆ ಹೋಗುವ ಮುಂಚೆ ಹ್ಯಾಂಡ್ ಬ್ರೇಕ್ ನೋಡಿಕೊಂಡೆ: ನ್ಯೂಟ್ರಲ್‌ನಲ್ಲಿ ಏರಿನ ಮೇಲೆ ನಿಲ್ಲುತ್ತಿರಲಿಲ್ಲ. ಕೇಬಲ್ ಬಿಗಿ ಮಾಡಿಸಲು ಇನ್ನೂರೋ ಮುನ್ನೂರೋ ಆಯಿತು.

ನನ್ನ ಗಾಡಿಗೆ ಆರ್‌ಪಿಎಂ ಮುಳ್ಳಿಲ್ಲ, ಕಿವಿಯೇ ಗತಿ. ಹ್ಯಾಂಡ್ ಬ್ರೇಕ್ ಹಾಕಿ, ಫಸ್ಟ್ ಗೇರ್, ಹದವಾಗಿ ರೇಸ್. ಹಿಮ್ಮಡಿ ನೆಲಕ್ಕೆ ಊರಿ ಕ್ಲಚ್ ಮೆಲ್ಲಗೆ ಬಿಟ್ಟರೆ ಒಂದು ಹಂತದಲ್ಲಿ ಇಂಜಿನ್ ಸದ್ದು ದಪ್ಪಗಾಗುತ್ತದೆ, ಬಾನೆಟ್ ಸ್ವಲ್ಪ ಎದ್ದಂತಾಗುತ್ತದೆ. ಮುಂದಿನ ಚಕ್ರ ಎಳೆಯುತ್ತಿದೆ, ಹಿಂದಿನದನ್ನು ಹ್ಯಾಂಡ್ ಬ್ರೇಕ್ ಹಿಡಿದಿದೆ, ಅದಕ್ಕೇ. ಎಡಗಾಲು ಅಲ್ಲೇ ಕಲ್ಲಾಗಬೇಕು. ಆಗ ಹ್ಯಾಂಡ್ ಬ್ರೇಕ್ ಇಳಿಸಿದರೆ ಗಾಡಿ ಹಿಂದೆಯೂ ಹೋಗದೆ, ಮುಂದೆಯೂ ಹೋಗದೆ ನಿಲ್ಲುತ್ತದೆ. ಇನ್ನೊಂಚೂರು ರೇಸ್ ಕೊಟ್ಟು ಕ್ಲಚ್ ಬಿಟ್ಟರೆ ಮುಗಿಯಿತು. ಗಾಡಿ ಗಡಗಡ ನಡುಗಿದರೆ ಕ್ಲಚ್ ಜಾಸ್ತಿ ಬಿಟ್ಟಿದ್ದೀರಿ, ಕೂದಲೆಳೆಯಷ್ಟು ಒತ್ತಿ. ಆ ಎಡಗಾಲು ನಡುಗದ ಹಾಗೆ ಸೀಟು ಹೇಗೆ ಕೂರಿಸಿಕೊಂಡೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೆಂಡತಿಗೂ ಹೇಳಿಲ್ಲ.

ಸುಮ್ನೆ ಏಸಿ ಹಾಕಿಕೊಂಡೂ ನೋಡಿದೆ. ಕ್ಲಚ್ ಹಿಡಿಯುವ ಹೊತ್ತಿಗೇ ಕಂಪ್ರೆಸರ್ ಶುರುವಾಗಿ ಗಾಡಿ ಆಫ್. ಸಣ್ಣ ಇಂಜಿನ್ ಇದ್ದರೆ ಕಲಿಯುವಾಗ ಏಸಿ ಬೇಡ. ರಿವರ್ಸ್‌ನಲ್ಲೂ ರ‍್ಯಾಂಪ್ ಏರಿಸಿದೆ. ತಲೆ ಹಿಂದಕ್ಕೆ ತಿರುಗಿಸಿದರೆ ಎಡಗಾಲು ತಾನಾಗಿ ಏಳುತ್ತದೆ, ಹುಷಾರು.

ಆಮೇಲೊಂದು ದಿನ ಭಾವನ ಡೀಸೆಲ್ ಕಾರನ್ನೇ ಅದೇ ರ‍್ಯಾಂಪಿಗೆ ತಂದೆ. ಬ್ರೇಕ್ ಒತ್ತಿಕೊಂಡೇ ಕ್ಲಚ್ ಹಿಡಿಸಿ, ಬ್ರೇಕ್ ಬಿಟ್ಟೆ. ರೇಸ್ ಕೊಡದೆಯೇ ಏರಿಬಿಟ್ಟಿತು. ಭಾವನ ವಿದ್ಯೆಯಲ್ಲಿ ಅರ್ಧ ಆ ಇಂಜಿನ್ನಿನದು!