ವಿಡಿಯೋದಲ್ಲಿ ಮುಖ ಕಂಡಿತು ಅಂತ ದುಡ್ಡು ಕಳಿಸಬೇಡಿ

2023ರ ಜುಲೈನಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಡೆದದ್ದು ಇದು. ನಿವೃತ್ತ ನೌಕರರೊಬ್ಬರಿಗೆ ಹಳೆಯ ಸಹೋದ್ಯೋಗಿಯ ಹೆಸರಲ್ಲಿ ಹೊಸ ನಂಬರಿನಿಂದ ವಾಟ್ಸಾಪ್ ಕರೆ ಬಂತು. ದುಬೈ ಏರ್‌ಪೋರ್ಟಿನಲ್ಲಿದ್ದೇನೆ, ಮುಂಬೈಯಲ್ಲಿ ಸಂಬಂಧಿಕರಿಗೆ ಆಪರೇಷನ್, ತುರ್ತಾಗಿ 40,000 ರೂಪಾಯಿ ಬೇಕು ಎಂದರು. ಅನುಮಾನ ಬಂದಾಗ ವಿಡಿಯೋ ಕರೆಯಲ್ಲಿ ಮುಖವನ್ನೂ ತೋರಿಸಿದರು. ಕೆಲವೇ ಸೆಕೆಂಡು, ಅಷ್ಟೇ. ಇವರು ಹಣ ಕಳಿಸಿಬಿಟ್ಟರು. ಸ್ವಲ್ಪ ಹೊತ್ತಿಗೆ ಇನ್ನಷ್ಟು ಕೇಳಿದಾಗಲೇ ಗೆಳೆಯನ ಹಳೆಯ ನಂಬರಿಗೆ ಫೋನ್ ಮಾಡಿದ್ದು. ಗೆಳೆಯ ಕರೆಯನ್ನೇ ಮಾಡಿರಲಿಲ್ಲ. ವಿಡಿಯೋದಲ್ಲಿ ಕಂಡದ್ದು ವಂಚಕರು ಎಐ ಬಳಸಿ ಮಾಡಿದ ನಕಲಿ ಮುಖ.

ಕರೆ ಯಾಕೆ ಅಷ್ಟು ಚಿಕ್ಕದು ಗೊತ್ತಾ? ಫೇಸ್‌ಬುಕ್ ಫೋಟೋದಿಂದ ಮಾಡಿದ ಮುಖ ಜಾಸ್ತಿ ಹೊತ್ತು ನಿಂತರೆ ಎಡವಟ್ಟು ಕಾಣಬಹುದು. ಅದಕ್ಕೇ ವಂಚಕರು "ನೆಟ್‌ವರ್ಕ್ ಇಲ್ಲ" ಅಂತ ಕಟ್ ಮಾಡುತ್ತಾರೆ. ದನಿ ನಕಲು ಮಾಡಲಂತೂ ರೀಲ್ಸ್‌ನಲ್ಲಿರುವ ಚಿಕ್ಕ ತುಣುಕೇ ಸಾಕು. ಮುಖ ತಿರುಗಿಸಿ ಅಂತ ಕೇಳಿ ನೋಡಬಹುದು, ಆದರೆ ಅದನ್ನೇ ನಂಬಬೇಡಿ. ತಂತ್ರ ದಿನದಿನಕ್ಕೂ ಸುಧಾರಿಸುತ್ತಿದೆ.

ನಂಬಬೇಕಾದ್ದು ನಿಮ್ಮ ಫೋನಿನಲ್ಲಿ ಮೊದಲೇ ಸೇವ್ ಆಗಿರುವ ನಂಬರನ್ನು. ಬಂದ ಕರೆ ಕಟ್ ಮಾಡಿ, ಆ ನಂಬರಿಗೆ ಮಾಮೂಲಿ ಕರೆ ಮಾಡಿ. ಸಿಗಲಿಲ್ಲವೇ? ಅವರ ಹೆಂಡತಿಗೋ ಅಣ್ಣನಿಗೋ ಮಾಡಿ. ಅಪ್ಪ-ಅಮ್ಮನ ಜೊತೆ ಕೂತು ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಪದವನ್ನೂ ಇವತ್ತೇ ಇಟ್ಟುಕೊಳ್ಳಿ. ಮನೆಯವರ ಹೆಸರಲ್ಲಿ ಯಾರಾದರೂ ಹಣ ಕೇಳಿದರೆ ಆ ಪದ ಕೇಳಿ. ಅದನ್ನು ವಾಟ್ಸಾಪಿನಲ್ಲಿ ಬರೆಯಬೇಡಿ.

ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ನಂಬರ್ ಕೊಡಿ. ಕೋಯಿಕ್ಕೋಡ್‌ನವರ ಹಣ ಹೋದ ಖಾತೆಯನ್ನು ಪೊಲೀಸರು ತಡೆಹಿಡಿಸಿದ್ದರು.