ಗಂಟೂ ಅಲ್ಲ, ಒಡೆದದ್ದೂ ಅಲ್ಲ ಅನ್ನೋ ಕಸ್ಟರ್ಡಿನ ಕಥೆ

ಮಗನ ಹುಟ್ಟುಹಬ್ಬಕ್ಕೆ ಒಂದು ಲೀಟರ್ ಹಾಲಿನ ಕಸ್ಟರ್ಡ್ ಮಾಡಲು ಕೂತಿದ್ದೆ. ಕಲಬುರಗಿಯ ಮೇ ತಿಂಗಳು, ಅಡುಗೆಮನೆಯಲ್ಲಿ ನಿಂತರೆ ನಾವೇ ಕುದಿಯುವಂಥ ಸೆಕೆ. ಬೇಗ ಮುಗಿಸೋಣ ಅಂತ ಕುದಿಯುವ ಹಾಲಿಗೆ ಕಾರ್ನ್‌ಫ್ಲೋರ್ ಉದುರಿಸಿದೆ, ಹಿಂದೆಯೇ ಕದಡಿದ ನಾಲ್ಕು ತತ್ತಿಯ ಹಳದಿಯನ್ನೂ ಸುರಿದೆ. ಐದು ನಿಮಿಷದಲ್ಲಿ ಬೋಗುಣಿ ತುಂಬ ಚೂರು ಚೂರು.

ಅತ್ತೆ ಬಂದು ಇಣುಕಿ, ‘ಅಂಬಲಿಗಿ ಜ್ವಾಳದ ಹಿಟ್ಟು ಹೆಂಗ ಹಾಕ್ತಿ? ತಣ್ಣೀರಾಗ ಕಲಸಿ ಹೊಯ್ತಿಲ್ಲೋ? ಇದಕ್ಯಾಕ ಒಣಾ ಹಾಕಿದಿ?’ ಅಂದರು. ಸರಿಯಾದ ಮಾತು. ಆದರೆ ಚೂರುಗಳನ್ನು ಬೆರಳಲ್ಲಿ ಹಿಸುಕಿ ನೋಡಿದಾಗ ಎರಡು ಬಗೆ ಕಂಡವು. ಒಂದರ ಹೊರಗೆ ಅಂಟು, ಒಳಗೆ ಬಿಳಿ ಒಣ ಪುಡಿ. ಇದು ಹಿಟ್ಟಿನ ಗಂಟು: ಬಿಸಿ ಹಾಲು ತಾಕಿದ ತಕ್ಷಣ ಹೊರಪದರ ಬೆಂದು ಅಂಟಾಗಿ, ಒಳಗೆ ಹಾಲು ಇಳಿಯದಂತೆ ಮುಚ್ಚಿಕೊಂಡಿತ್ತು. ಇನ್ನೊಂದು ಮೆತ್ತಗಿನ ಹಳದಿ ಚೂರು, ಅಂಡಾ ಭುರ್ಜಿಯಂತೆ, ಸುತ್ತ ನೀರು. ಇದು ತತ್ತಿ ಒಡೆದದ್ದು. ಗಂಟನ್ನು ಜರಡಿ ಹಿಡಿಯಬಹುದು. ತತ್ತಿ ಒಡೆದರೆ ಮಿಕ್ಸಿಗೆ ಹಾಕಿದರೂ ನಾಲಿಗೆಗೆ ಮರಳು ಮರಳು. ಅದನ್ನು ಚೆಲ್ಲಿದೆ.

ಎರಡನೇ ಸಲ ಅರ್ಧ ಬಟ್ಟಲು ತಣ್ಣನೆ ಹಾಲು ಮೊದಲೇ ತೆಗೆದಿಟ್ಟೆ. ಅದರಲ್ಲಿ ಐದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕಲಸಿ, ನಾಲ್ಕು ಹಳದಿ, ಸಕ್ಕರೆ ಸೇರಿಸಿದೆ. ಸಕ್ಕರೆ ಹಾಕಿದ ಕೂಡಲೇ ಕದಡಬೇಕು. ಹಳದಿ ಮೇಲೆ ಸುಮ್ಮನೆ ಬಿಟ್ಟರೆ ಅದು ಹಳದಿಯ ನೀರು ಹೀರಿ ಸಣ್ಣ ಗಟ್ಟಿ ಕಾಳು ಮಾಡುತ್ತದೆ. ಹಿಟ್ಟು ತಳಕ್ಕೆ ಕೂರುತ್ತದೆ, ಹಾಗಾಗಿ ಬಳಸುವ ಮುಂಚೆ ಮತ್ತೊಮ್ಮೆ ತಿರುವಿದೆ. ಆಮೇಲೆ ಬಿಸಿ ಹಾಲನ್ನು ಒಂದೊಂದೇ ಸೌಟು ಈ ಬಟ್ಟಲಿಗೆ ಹೊಯ್ದು ಕಲಸಿದೆ. ತತ್ತಿ ನಿಧಾನಕ್ಕೆ ಬಿಸಿಯಾಗಲಿ ಅಂತ. ನಾಲ್ಕೈದು ಸೌಟು ಆದ ಮೇಲೆ ಎಲ್ಲವನ್ನೂ ಬೋಗುಣಿಗೆ ಸುರಿದು, ಸಣ್ಣ ಉರಿಯಲ್ಲಿ ತಳ ಕೆರೆಯುತ್ತ ತಿರುವಿದೆ. ಒಂದೂ ಚೂರಿಲ್ಲ.

ಆದರೆ ಅಂಜಿಕೆ ಹೋಗಿರಲಿಲ್ಲ. ತತ್ತಿ ಮತ್ತೆ ಒಡೆದೀತು ಅಂತ, ಮಂದವಾದ ಕೂಡಲೇ, ಇನ್ನೂ ಕುದಿ ಬರುವ ಮೊದಲೇ ಇಳಿಸಿದೆ. ರಾತ್ರಿ ಫ್ರಿಜ್‌ನಲ್ಲಿಟ್ಟದ್ದು ಬೆಳಿಗ್ಗೆ ಮಜ್ಜಿಗೆಯಂತೆ ತೆಳ್ಳಗೆ! ತತ್ತಿಯ ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವ ಇದೆ. ಚೆನ್ನಾಗಿ ಕುದಿಸದಿದ್ದರೆ ಅದು ಸಾಯದೆ, ಮಂದವಾದದ್ದನ್ನು ರಾತ್ರಿಯಿಡೀ ಬಿಡಿಸುತ್ತ ಕೂರುತ್ತದೆ. ಹಿಟ್ಟು ಜೊತೆಗಿದ್ದರೆ ತತ್ತಿ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ, ಕುದಿ ತಾಳುತ್ತದೆ. ಈಗ ನಾನು ಬುಗ್ಗೆ ಎದ್ದ ಮೇಲೂ ಒಂದು ನಿಮಿಷ ತಿರುವುತ್ತಲೇ ಇರುತ್ತೇನೆ.

ಬರೀ ತತ್ತಿಯ ಕಸ್ಟರ್ಡಿಗೆ ಮಾತ್ರ ಈ ಧೈರ್ಯ ಬೇಡ. ಅದರಲ್ಲಿ ಹಿಟ್ಟಿನ ಆಸರೆ ಇಲ್ಲ. ಚಮಚದ ಬೆನ್ನಿಗೆ ಅಂಟಿ, ಬೆರಳಿನಿಂದ ಎಳೆದ ಗೆರೆ ಹಾಗೆಯೇ ನಿಂತರೆ ಕುದಿ ಬರುವ ಮೊದಲೇ ಇಳಿಸಿಬಿಡುತ್ತೇನೆ.