ಮೊದಲ ಗ್ರಾಮಸಭೆಯಲ್ಲಿ ನನ್ನ ಪರಿಚಯ ನಾನೇ ಹೇಳಿದೆ

ನಮ್ಮದು ಜಗಳೂರು ತಾಲ್ಲೂಕು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಗೆದ್ದೆ. ಮೊದಲ ಗ್ರಾಮಸಭೆ ಹತ್ತಿರ ಬಂದಾಗ ಊರಿನ ಹಿರಿಯರೊಬ್ಬರು, "ನೀನು ಕೈ ಮುಗಿದು ಕೂತ್ಕೊಳ್ಳಮ್ಮ, ಮಾತು ನಿನ್ನ ಯಜಮಾನ ಆಡ್ತಾನೆ" ಎಂದರು. ನಾನೇ ಆಡಬೇಕು ಅಂತ ಆಗಲೇ ಹಟ ಬಂತು.

ಮೇಷ್ಟ್ರೊಬ್ಬರು ಎರಡು ಪುಟ ಬರೆದುಕೊಟ್ಟರು. "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಓದಿದೆ. ಅರ್ಧಕ್ಕೇ ಎಲ್ಲರೂ ಮೆಕ್ಕೆಜೋಳದ ರೇಟು ಮಾತಾಡತೊಡಗಿದರು. ಅದನ್ನು ಬಿಟ್ಟು, ಏನೇನು ಮಾಡಿಸ್ತೀನಿ ಅಂತ ಪಟ್ಟಿ ಹೇಳಿ ನೋಡಿದೆ. ಆಗ "ರೇಷನ್ ಕಾರ್ಡ್ ಮಾಡಿಸಿಕೊಡು" ಅಂತ ಮುಗಿಬಿದ್ದರು. ಕಾರ್ಡು ಸದಸ್ಯರ ಕೈಯಲ್ಲಿ ಇಲ್ಲ ಅಲ್ವಾ? ಸರಿ, ನನ್ನ ಕೈಲಿ ಏನಿದೆ, ಏನಿಲ್ಲ, ಅದನ್ನೇ ಪರಿಚಯ ಮಾಡೋಣ ಎನಿಸಿತು.

ಸಭೆಯಲ್ಲಿ ಹೆಸರು, ಮನೆತನ, ವಾರ್ಡು ಹೇಳಿ ಹೀಗೆ ಮಾತಾಡಿದೆ:

"ಅಕ್ಕ, ಅಣ್ಣ, ಅಜ್ಜ, ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಮನೇಲಿ ಇರ್ತೀನಿ. ನಳ, ಬೀದಿ ದೀಪ, ಚರಂಡಿ ಇದ್ರೆ ನನಗೆ ಹೇಳಿ. ಪಿಂಚಣಿ ನಾನು ಮಂಜೂರು ಮಾಡಲ್ಲ. ಅರ್ಜಿ ಬರೆಸಿ ನಾಡಕಚೇರಿಗೆ ನಿಮ್ಮ ಜೊತೆ ಬರ್ತೀನಿ. ಮನೆ ಯಾರಿಗೆ ಅಂತ ನಾನೊಬ್ಬಳೇ ಹೇಳೋಕಾಗಲ್ಲ, ಈ ಸಭೆ ಆರಿಸಬೇಕು. ಅದಕ್ಕೇ ಸಭೆ ತಪ್ಪಿಸಬೇಡಿ. ನರೇಗಾ ಕೆಲಸ ಬೇಕಾದವರು ನಮೂನೆ 6 ತುಂಬಿ, ತಾರೀಕು ಇರೋ ರಸೀದಿ ತಗೊಳ್ಳಿ. 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ರೆ ಆ ರಸೀದಿ ಹಿಡ್ಕೊಂಡು ನನ್ನ ಹತ್ರ ಬನ್ನಿ."

ಇಷ್ಟೇ. ಎರಡು ನಿಮಿಷ ಆಗಿರಬಹುದು. ಒಬ್ಬರೂ ಎದ್ದು ಹೋಗಲಿಲ್ಲ, ಇದು ನನಗೆ ಹೆಮ್ಮೆ.

ಮೈಕ್ ಇಲ್ಲದೆ ಆಗುತ್ತಾ ಅಂತ ಮೊದಲೇ ಅಂಗನವಾಡಿ ಅಂಗಳದಲ್ಲಿ ಪರೀಕ್ಷೆ ಮಾಡಿದ್ದೆ. ನಲವತ್ತು ಜನರವರೆಗೆ ದನಿ ಮುಟ್ಟುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಹಿಂದಿನವರು ಗುಸುಗುಸು ಶುರು ಮಾಡುತ್ತಾರೆ. ಹಾಗಾಗಿ ಮೈಕ್ ಹಿಡಿದೆ. ಆದರೆ ವೇದಿಕೆಯಿಂದ ಇಳಿದು ಹೆಂಗಸರ ಪಕ್ಕ ನಿಂತೆ. ನಡುವೆ ಬಾಯಿ ಹಾಕುವವರನ್ನು ಹೇಗೆ ಸುಮ್ಮನಿರಿಸಿದೆ ಅನ್ನುವುದನ್ನು ಬರೆಯುವುದಿಲ್ಲ, ಅದು ಮುಂದಿನ ಸಭೆಗೂ ಬೇಕು.

ಖರ್ಚು? ಇನ್ನೊಬ್ಬ ಸದಸ್ಯರು ಬ್ಯಾನರ್, ಹಾರ, ಶಾಲು ಅಂತ ಸುಮಾರು ಮೂರು ಸಾವಿರ ಸುರಿದರು. ನನಗೆ ನಮೂನೆ 6ರ ಜೆರಾಕ್ಸಿಗೆ ನೂರರ ಆಸುಪಾಸು ಆಯಿತು. ಮಾತು ಮುಗಿಸಿ ಅಲ್ಲೇ ಹಂಚಿದೆ.

ಆ ವಾರ ಏಳೆಂಟು ಜನ ಮನೆಗೆ ಬಂದರು. ಕಾರ್ಡು ಕೇಳಿದವರು ಯಾರೂ ಇಲ್ಲ. ಇಬ್ಬರು ಬೀದಿ ದೀಪಕ್ಕೆ, ಒಬ್ಬರು ಪಿಂಚಣಿ ಅರ್ಜಿಗೆ, ಉಳಿದವರಲ್ಲಿ ಹೆಚ್ಚಿನವರು ನಮೂನೆ 6 ತುಂಬಿಸಲು. ಆ ಹಿರಿಯರೂ ಬಂದಿದ್ದರು, ತಮ್ಮ ಬೀದಿಯ ಚರಂಡಿ ವಿಷಯಕ್ಕೆ. ನನ್ನ ಯಜಮಾನರನ್ನು ಕೇಳಲಿಲ್ಲ, ನನ್ನನ್ನೇ ಕೇಳಿದರು.